ಏಳು ರೋಡು, ಆರು ಚೌಕ್, ಎರಡೇ ಕೌಂಟರ್: ಒನ್ ವೇ ಟ್ರಾಫಿಕ್ ಲೆಕ್ಕ ಬಿಡಿಸೋದು ಹೇಗೆ

ಪುಣೆಯಲ್ಲಿ ಇರೋರಿಗೆ ಈ ಲೆಕ್ಕದ ಆಕಾರ ಬಿಡಿಸಿ ಹೇಳಬೇಕಾಗಿಲ್ಲ. ಜೆಎಂ ರೋಡು, ಎಫ್‌ಸಿ ರೋಡು ಎರಡೂ ಪಕ್ಕಪಕ್ಕ ಇರೋ ಒನ್ ವೇಗಳು, ಒಂದರಲ್ಲಿ ಹೋದ್ರೆ ಇನ್ನೊಂದರಲ್ಲಿ ಸುತ್ತಿಕೊಂಡು ವಾಪಸ್ ಬರಬೇಕು, ಮಧ್ಯೆ ಅಲ್ಲಲ್ಲಿ ಎರಡನ್ನೂ ಸೇರಿಸೋ ಅಡ್ಡ ರಸ್ತೆಗಳು. ಇಂಥ ಕಡೆ ಪ್ರತಿ ಚೌಕ್‌ನಲ್ಲಿ ಹೊರಗಿಂದ ಎಷ್ಟು ಗಾಡಿ ಬಂತು, ಹೊರಗೆ ಎಷ್ಟು ಹೋಯ್ತು ಅಂತ ಎಣಿಸೋದು ಸುಲಭ, ಆದ್ರೆ ಒಳಗಿನ ಒಂದೊಂದು ರೋಡಲ್ಲಿ ಎಷ್ಟು ಓಡ್ತಿದೆ ಅನ್ನೋದು ಅಷ್ಟರಿಂದ ಸಿಗಲ್ಲ. ಅಕ್ಕನ ಮಗ ಇಲ್ಲೇ ಸಿವಿಲ್ ಓದ್ತಾನೆ, ಊರು ವಿಜಯಪುರ, ಅವನು ಇಂಥದ್ದೇ ಒಂದು ಅಸೈನ್‌ಮೆಂಟ್ ಹಿಡ್ಕೊಂಡು ಬಂದು "ಮಾಮಾ, ಅನ್‌ನೋನ್ ಏಳ ಅದಾವು, ಈಕ್ವೇಶನ್ ಆರ. ಡೇಟಾ ಕಮ್ಮಿ ಕೊಟ್ಟಾರ, ಇದು ಬಿಡಸಾಕ ಬರಂಗಿಲ್ಲ" ಅಂದ. ಬರುತ್ತೆ. ಒಂದೇ ಉತ್ತರ ಬರಲ್ಲ ಅಷ್ಟೇ, ಸರಿಯಾಗಿರೋ ಉತ್ತರಗಳೆಲ್ಲ ಒಟ್ಟಿಗೆ ಬರ್ತವೆ, ಮತ್ತೆ ಆ ಒಟ್ಟು ಗುಂಪನ್ನ ಬರೀ ಎರಡು ನಂಬರ್‌ನಿಂದ ಹೇಳಿಬಿಡಬಹುದು. ಅದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಮಾಡಿ ತೋರಿಸ್ತೀನಿ. ಕೆಳಗಿನ ನಂಬರ್‌ಗಳೆಲ್ಲ ಉದಾಹರಣೆಗೆ ಅಂತ ನಾನೇ ಹಾಕಿದ್ದು, ಯಾವ ರೋಡಿನ ಸರ್ವೇನೂ ಅಲ್ಲ.

ಹೆಜ್ಜೆ 1: ನಕ್ಷೆ ಬರೀರಿ, ಬಾಣ ಹಾಕಿ

```
A --x1--> B --x2--> C
^         |         |
x6        x7        x3
|         v         v
D <--x5-- E <--x4-- F
```

ಮೇಲಿನ ರೋಡು ಬಲಕ್ಕೆ, ಕೆಳಗಿನ ರೋಡು ಎಡಕ್ಕೆ, ಮೂರು ಅಡ್ಡ ರಸ್ತೆ. ಒಂದು ಚೌಕ್‌ನಿಂದ ಮುಂದಿನ ಚೌಕ್‌ವರೆಗಿನ ಒಂದೊಂದು ತುಂಡಿಗೂ ಒಂದೊಂದು x, ಅಂದ್ರೆ ಆ ತುಂಡಲ್ಲಿ ಗಂಟೆಗೆ ಎಷ್ಟು ಗಾಡಿ ಅನ್ನೋದು. ಎರಡೂ ಕಡೆ ಗಾಡಿ ಓಡೋ ರಸ್ತೆ ಆಗಿದ್ರೆ ಅದಕ್ಕೆ ಎರಡು x ಬೇಕು, ಒಂದರಲ್ಲೇ ಮುಗಿಸೋಕೆ ಹೋಗಬೇಡಿ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಹೆಜ್ಜೆ 2: ಹೊರಗಿನ ಲೆಕ್ಕ ಮೊದಲು ತಾಳೆ ಹಾಕಿ

ಪ್ರತಿ ಚೌಕ್‌ಗೆ ಈ ನಕ್ಷೆಯ ಹೊರಗಿಂದ ಬಂದಿದ್ದು, ಹೊರಗೆ ಹೋಗಿದ್ದು:

```
     ಒಳಗೆ   ಹೊರಗೆ   ನೆಟ್
A    700    300    +400
B    150    250    -100
C    200    500    -300
F    450    150    +300
E    300    350     -50
D    250    500    -250
```

ಒಳಗೆ ಬಂದಿದ್ದು ಒಟ್ಟು 2050, ಹೊರಗೆ ಹೋಗಿದ್ದೂ 2050, ನೆಟ್ ಕಾಲಂ ಕೂಡಿದ್ರೆ ಸೊನ್ನೆ. ಇದು ಸೊನ್ನೆ ಆಗಲಿಲ್ಲ ಅಂದ್ರೆ ಮುಂದೆ ಹೋಗೋದೇ ಬೇಡ. ಉದಾಹರಣೆಗೆ ಹೊರಗಿನದ್ದು 2010 ಬಂತು ಅಂದ್ಕೊಳ್ಳಿ, ಆರೂ ಈಕ್ವೇಶನ್ ಕೂಡಿದಾಗ ಎಡಗಡೆ ಎಲ್ಲಾ x ಕ್ಯಾನ್ಸಲ್ ಆಗಿ 0 = 40 ಅಂತ ಉಳಿಯುತ್ತೆ, ಅಂಥ ಸಿಸ್ಟಮ್‌ಗೆ ಒಂದು ಉತ್ತರಾನೂ ಇಲ್ಲ, ನೀವು ಎಷ್ಟೇ ಗುದ್ದಾಡಿದ್ರೂ ಇಲ್ಲ.

ನಿಜವಾದ ಕೌಂಟ್‌ನಲ್ಲಿ ಈ ವ್ಯತ್ಯಾಸ ಬಂದೇ ಬರುತ್ತೆ, ಮತ್ತೆ ಕಾರಣಗಳೂ ಹೆಚ್ಚುಕಮ್ಮಿ ಇವೇ. ಒಂದು, ರೋಡ್ ಪಕ್ಕ ಪಾರ್ಕ್ ಮಾಡಿದ ಗಾಡಿ, ಅದು ಒಳಗೆ ಬಂತು ಆದ್ರೆ ಆ ಗಂಟೆಯಲ್ಲಿ ಹೊರಗೆ ಹೋಗಲಿಲ್ಲ. ಬೆಳಿಗ್ಗೆ ಅಂಗಡಿ ತೆಗೆಯೋ ಹೊತ್ತಲ್ಲಿ ಎಣಿಸಿದ್ರೆ ಒಳಗಿನದ್ದು ಜಾಸ್ತಿ, ರಾತ್ರಿ ಊಟ ಮುಗಿಸಿ ಎಲ್ಲ ಎದ್ದು ಹೋಗೋ ಹೊತ್ತಲ್ಲಿ ಹೊರಗಿನದ್ದು ಜಾಸ್ತಿ. ಎರಡು, ಒಬ್ಬ A ಚೌಕ್‌ನಲ್ಲಿ 9ಕ್ಕೆ ಎಣಿಸೋಕೆ ಶುರು ಮಾಡಿರ್ತಾನೆ, ಇನ್ನೊಬ್ಬ D ಹತ್ರ ಚಹಾ ಮುಗಿಸಿ 9:10ಕ್ಕೆ. ಮೂರನೇದು ಸ್ವಲ್ಪ ಸೂಕ್ಷ್ಮ, ಅದು ಪಿಸಿಯು, ಅಂದ್ರೆ ಒಂದೊಂದು ಗಾಡಿನೂ ಎಷ್ಟು ಕಾರಿಗೆ ಸಮ ಅಂತ ಹಿಡಿಯೋ ಲೆಕ್ಕ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 106ರಲ್ಲಿ ಟೂ ವೀಲರ್‌ಗೆ ಒಂದೇ ಫ್ಯಾಕ್ಟರ್ ಇಲ್ಲ, ಟ್ರಾಫಿಕ್‌ನಲ್ಲಿ ಅವುಗಳ ಪಾಲು ಕಮ್ಮಿ ಇದ್ರೆ 0.5, ಜಾಸ್ತಿ ಇದ್ರೆ 0.75. ಹಂಗಾಗಿ ಒಂದು ಕಡೆ ಅರ್ಧ ಅಂತ ಲೆಕ್ಕಕ್ಕೆ ಬಂದ ಬೈಕು ಮುಂದಿನ ಕಡೆ ಮುಕ್ಕಾಲು ಆಗಿಬಿಡಬಹುದು, ಗಾಡಿ ಒಂದೇ ಆದ್ರೂ ತಾಳೆ ಕೆಡುತ್ತೆ. ಅದಕ್ಕೆ ಬ್ಯಾಲೆನ್ಸ್ ಮಾಡೋವಾಗ ಗಾಡಿಗಳನ್ನ ಗಾಡಿಗಳಾಗೇ ಎಣಿಸಿ, ಬೇಕಿದ್ರೆ ಬೈಕು, ಕಾರು, ರಿಕ್ಷಾ ಬೇರೆ ಬೇರೆ ಬ್ಯಾಲೆನ್ಸ್ ಮಾಡಿ, ರೋಡಿನ ಕೆಪ್ಯಾಸಿಟಿ ಜೊತೆ ಹೋಲಿಸೋವಾಗ ಮಾತ್ರ ಪಿಸಿಯುಗೆ ತಿರುಗಿಸಿ. ಪಾರ್ಕಿಂಗ್ ವ್ಯತ್ಯಾಸ ಗೊತ್ತಿದ್ರೆ ಅದನ್ನ ಹತ್ತಿರದ ಚೌಕ್‌ನ ನೆಟ್‌ಗೆ ಸೇರಿಸಿಬಿಡಿ.

ಹೆಜ್ಜೆ 3: ಚೌಕ್‌ಗೊಂದು ಈಕ್ವೇಶನ್

ನಿಯಮ ಒಂದೇ: ಚೌಕ್‌ನಿಂದ ಹೊರಡೋ ರೋಡುಗಳು ಮೈನಸ್ ಚೌಕ್‌ಗೆ ಬರೋ ರೋಡುಗಳು = ಆ ಚೌಕ್‌ನ ನೆಟ್. ಗಾಡಿ ಚೌಕ್‌ನಲ್ಲಿ ಹುಟ್ಟಲ್ಲ, ಮಾಯನೂ ಆಗಲ್ಲ.

```
A:  x1 - x6      =  400
B:  x2 + x7 - x1 = -100
C:  x3 - x2      = -300
F:  x4 - x3      =  300
E:  x5 - x4 - x7 =  -50
D:  x6 - x5      = -250
```

ಪ್ರತಿ x ಎರಡೇ ಸಲ ಬರುತ್ತೆ ನೋಡಿ, ಒಮ್ಮೆ ಪ್ಲಸ್ ಆಗಿ (ಎಲ್ಲಿಂದ ಹೊರಡುತ್ತೋ ಅಲ್ಲಿ), ಒಮ್ಮೆ ಮೈನಸ್ ಆಗಿ (ಎಲ್ಲಿಗೆ ಸೇರುತ್ತೋ ಅಲ್ಲಿ). ಅದಕ್ಕೇ ಆರನ್ನೂ ಕೂಡಿದ್ರೆ ಎಲ್ಲಾ ಹೊಡೆದು ಹೋಗುತ್ತೆ, ಅಂದ್ರೆ ಐದು ಈಕ್ವೇಶನ್ ಗೊತ್ತಿದ್ರೆ ಆರನೇದು ತಾನಾಗೇ ಸಿಗುತ್ತೆ, ಅದರಲ್ಲಿ ಹೊಸ ಮಾಹಿತಿ ಏನಿಲ್ಲ. ಹಂಗಾಗಿ ನಿಜವಾಗಿ ಕೆಲಸಕ್ಕೆ ಬರೋದು 5 ಈಕ್ವೇಶನ್, ಅನ್‌ನೋನ್ 7, ಉಳಿದಿದ್ದು 2. ಅಳಿಯ "ಏಳ ಮತ್ತ ಆರ" ಅಂದಿದ್ದ, ಆ ಲೆಕ್ಕದಲ್ಲಿ ಒಂದೇ ಫ್ರೀ ಪ್ಯಾರಾಮೀಟರ್, ಅಂದ್ರೆ ನಾವೇ ಬೆಲೆ ಇಟ್ಕೊಳ್ಳಬಹುದಾದ x, ಬರಬೇಕು, ಬರೋದು ಎರಡು. ಪರೀಕ್ಷೆಯಲ್ಲಿ ಮಾರ್ಕ್ಸ್ ಹೋಗೋದು ಇಲ್ಲೇ.

ರೋಡು m, ಚೌಕ್ n, ನಕ್ಷೆ ಒಂದೇ ತುಂಡಾಗಿ ಕೂಡ್ಕೊಂಡಿದ್ರೆ ಫ್ರೀ ಪ್ಯಾರಾಮೀಟರ್‌ಗಳು m - n + 1. ಈ ನಂಬರ್‌ಗೆ ಕಣ್ಣಿಗೆ ಕಾಣೋ ಅರ್ಥ ಇದೆ, ನಕ್ಷೆಯಲ್ಲಿ ಎಷ್ಟು ಸ್ವತಂತ್ರ ಸುತ್ತುಗಳಿವೆ ಅನ್ನೋದು. ನಮ್ಮ ಚಿತ್ರದಲ್ಲಿ ಎರಡು ಕಿಟಕಿ, ಎರಡು ಸುತ್ತು. ಯಾವುದೇ ಸರಿಯಾದ ಉತ್ತರ ತಗೊಂಡು A-B-E-D ಸುತ್ತಲೂ 10 ಗಾಡಿ ಜಾಸ್ತಿ ಓಡಿಸಿ, ಪ್ರತಿ ಚೌಕ್‌ಗೂ 10 ಜಾಸ್ತಿ ಬಂತು 10 ಜಾಸ್ತಿ ಹೋಯ್ತು, ಹೊರಗೆ ನಿಂತು ಎಣಿಸೋನಿಗೆ ಒಂಚೂರೂ ವ್ಯತ್ಯಾಸ ಕಾಣಲ್ಲ. ಸುತ್ತು ಹೊಡೆಯೋದು ಹೊರಗಿನ ಲೆಕ್ಕಕ್ಕೆ ಸಿಗಲ್ಲ, ಅದೇ ಇಲ್ಲಿ ಕಾಣದೇ ಉಳಿಯೋ ಭಾಗ. ಇದನ್ನ 1847ರಲ್ಲೇ ಕಿರ್ಚಾಫ್ ಕರೆಂಟ್ ಸರ್ಕ್ಯೂಟ್‌ಗಳಿಗೆ ಅಂತ ಮಾಡಿಟ್ಟಿದ್ದ, ರೋಡಿಗೂ ಅದೇ ಗಣಿತ.

ಹೆಜ್ಜೆ 4: ಎರಡನ್ನ ಕೈಯಲ್ಲಿ ಇಟ್ಕೊಂಡು ಉಳಿದಿದ್ದನ್ನ ಬಿಡಿಸಿ

x6 = t, x7 = s ಅಂತ ಇಟ್ಕೊಳ್ಳಿ. A ಈಕ್ವೇಶನ್‌ನಿಂದ x1, D ಇಂದ x5, ಆಮೇಲೆ B ಇಂದ x2, C ಇಂದ x3, F ಇಂದ x4. ಸಾಲಾಗಿ ಇಳಿದು ಬರುತ್ತೆ, ಮ್ಯಾಟ್ರಿಕ್ಸ್ ಕೂಡ ಬೇಕಿಲ್ಲ:

```
x1 = t + 400
x2 = t - s + 300
x3 = t - s
x4 = t - s + 300
x5 = t + 250
x6 = t
x7 = s
```

E ಈಕ್ವೇಶನ್ ಬಳಸಲೇ ಇಲ್ಲ, ಅದರಲ್ಲಿ ಹಾಕಿ ನೋಡಿ: (t + 250) - (t - s + 300) - s = -50. ತಾಳೆ ಆಯ್ತು. ಬಿಟ್ಟ ಈಕ್ವೇಶನ್‌ನ ಹೀಗೆ ಚೆಕ್‌ಗೆ ಇಟ್ಕೊಳ್ಳೋದು ಒಳ್ಳೆ ಅಭ್ಯಾಸ, ಚಿಹ್ನೆ ತಪ್ಪಿದ್ರೆ ಇಲ್ಲೇ ಸಿಕ್ಕಿಬೀಳುತ್ತೆ.

ನಕ್ಷೆ ದೊಡ್ಡದಾದ್ರೆ ಪೈಥಾನ್‌ಗೆ ಕೊಡಿ:

```python
from sympy import Matrix, symbols, linsolve
x = symbols('x1:8')
A = Matrix([
 [ 1, 0, 0, 0, 0,-1, 0],
 [-1, 1, 0, 0, 0, 0, 1],
 [ 0,-1, 1, 0, 0, 0, 0],
 [ 0, 0,-1, 1, 0, 0, 0],
 [ 0, 0, 0,-1, 1, 0,-1],
 [ 0, 0, 0, 0,-1, 1, 0]])
b = Matrix([400, -100, -300, 300, -50, -250])
print(A.rank())
print(linsolve((A, b), *x))
```

ರ್‍ಯಾಂಕ್ 5 ಬರುತ್ತೆ, ಅಂದ್ರೆ ನಿಜವಾಗಿ ಕೆಲಸಕ್ಕೆ ಬರೋ ಈಕ್ವೇಶನ್ ಐದೇ, ಉತ್ತರದಲ್ಲಿ x6, x7 ಹಾಗೇ ಅಕ್ಷರವಾಗಿ ಉಳಿದಿರ್ತವೆ, ಮೇಲಿನದ್ದೇ.

ಇಲ್ಲಿ ಒಂದು ಎಚ್ಚರಿಕೆ. ಕೆಲವರು ಇದನ್ನೇ ನಂಪೈನ `np.linalg.lstsq`ಗೆ ಹಾಕ್ತಾರೆ, ಅದು ಎರರ್ ಕೊಡಲ್ಲ, ಫ್ರೀ ಪ್ಯಾರಾಮೀಟರ್ ಇದೆ ಅಂತ ಬಾಯಿ ಬಿಟ್ಟು ಹೇಳಲ್ಲ, ಇರೋ ಅಷ್ಟೂ ಉತ್ತರದಲ್ಲಿ ವರ್ಗಗಳ ಮೊತ್ತ ಅತಿ ಚಿಕ್ಕದಾಗಿರೋ ಒಂದನ್ನ ಆರಿಸಿ ಕೈಗಿಡುತ್ತೆ. ನಮ್ಮ ಲೆಕ್ಕಕ್ಕೆ ಅದು ಕೊಡೋದು x6 = -213.3, x7 = -10. ಬ್ಯಾಲೆನ್ಸ್ ಪಕ್ಕಾ ತಾಳೆ ಆಗುತ್ತೆ, ಆದ್ರೆ D ಇಂದ A ಗೆ ಹೋಗೋ ಒನ್ ವೇಯಲ್ಲಿ 213 ಗಾಡಿ ಉಲ್ಟಾ ಬರ್ತಿವೆ ಅಂತ ಅರ್ಥ. (ಪುಣೆಯ ಬೈಕಿನೋರನ್ನ ನೋಡಿದ್ರೆ ಈ ಉತ್ತರ ಪೂರ್ತಿ ಸುಳ್ಳು ಅನ್ನೋಕೂ ಆಗಲ್ಲ ಬಿಡಿ.) ರಾಂಗ್ ಸೈಡ್ ಓಡಾಟ ನಿಜಕ್ಕೂ ಲೆಕ್ಕಕ್ಕೆ ಬೇಕು ಅಂದ್ರೆ ಆ ತುಂಡಿಗೆ ಉಲ್ಟಾ ದಿಕ್ಕಿನ ಇನ್ನೊಂದು x ಸೇರಿಸಿ. ಎರಡೂ ದಿಕ್ಕನ್ನ ಒಂದೇ x ಗೆ ತುರುಕಿದ್ರೆ 300 ಹೋಗಿ 250 ಬಂದ ರೋಡು 50 ಅಂತ ತೋರಿಸುತ್ತೆ, ಖಾಲಿ ಇದೆ ಅನ್ಕೋತೀರಿ.

ಹೆಜ್ಜೆ 5: ಯಾವ t, ಯಾವ s ನಡೆಯುತ್ತೆ

ಮೈನಸ್ ಗಾಡಿ ಇಲ್ಲ, ಹಾಗಾಗಿ ಏಳೂ x ಸೊನ್ನೆಗಿಂತ ಕಮ್ಮಿ ಆಗಬಾರದು. ಪಟ್ಟಿ ನೋಡಿದ್ರೆ ಬಿಗಿಯಾಗಿರೋದು ಎರಡೇ: s ≥ 0, t - s ≥ 0, ಉಳಿದಿದ್ದು ತಾವಾಗೇ ಸರಿಹೋಗ್ತವೆ. ಮೇಲಿನ ಮಿತಿ ಕೆಪ್ಯಾಸಿಟಿಯಿಂದ ಬರುತ್ತೆ. x1 ಗರಿಷ್ಠ 1200, x2 ಗರಿಷ್ಠ 900, ಅಡ್ಡರಸ್ತೆ x7 ಗರಿಷ್ಠ 400 ಅಂತ ಇಟ್ಕೊಂಡ್ರೆ t ≤ 800, t - s ≤ 600, s ≤ 400.

ಇಷ್ಟಕ್ಕೆ ನಿಲ್ಲಿಸಿದ್ರೆ t = 0, s = 0 ಕೂಡ ಸರಿಯಾದ ಉತ್ತರ, ಆಗ x3 = 0. ಅದನ್ನ ಒಮ್ಮೆ C ಚೌಕ್‌ನಲ್ಲಿ ನಿಂತು ಯೋಚನೆ ಮಾಡಿ. ಹೊರಗಿಂದ 200 ಗಾಡಿ C ಗೆ ಬಂದಿವೆ, C ಇಂದ ಒಳಗೆ ಹೋಗೋಕೆ ಇರೋದು x3 ಒಂದೇ, ಅದು ಖಾಲಿ ಅಂದ್ರೆ ಆ 200 ಗಾಡಿನೂ ಬಂದ ಚೌಕ್‌ನಿಂದಲೇ ಹೊರಗೆ ಹೋಗಿವೆ, ಯೂ ಟರ್ನ್ ಹೊಡೆದ ಹಾಗೆ. ಗಣಿತಕ್ಕೆ ಇದು ಓಕೆ, ಯಾಕಂದ್ರೆ ನಾವು 200 ಒಳಗೆ 500 ಹೊರಗೆ ಅನ್ನೋದನ್ನ -300 ಅಂತ ಒಂದೇ ನಂಬರ್ ಮಾಡಿಬಿಟ್ವಿ, 200 ಅಲ್ಲೇ ಮುಚ್ಚಿಹೋಯ್ತು. ನೆಟ್ ತೆಗೆದಾಗ ಕಳೆದುಹೋದ ಈ ಮಾಹಿತಿನ ವಾಪಸ್ ತರಬೇಕು.

ಬಂದ ಚೌಕ್‌ನಿಂದಲೇ ಯಾರೂ ಹೊರಗೆ ಹೋಗಲ್ಲ ಅಂತ ಇಟ್ಕೊಂಡ್ರೆ ಪ್ರತಿ ಚೌಕ್‌ಗೂ ಎರಡು ಮಾತು ಸೇರುತ್ತೆ: ಅಲ್ಲಿಂದ ಹೊರಡೋ ಒಳ ರೋಡುಗಳು ಅಲ್ಲಿ ಹೊರಗಿಂದ ಬಂದಿದ್ದಕ್ಕಿಂತ ಕಮ್ಮಿ ಇರಬಾರದು, ಅಲ್ಲಿಗೆ ಬರೋ ಒಳ ರೋಡುಗಳು ಅಲ್ಲಿ ಹೊರಗೆ ಹೋಗಿದ್ದಕ್ಕಿಂತ ಕಮ್ಮಿ ಇರಬಾರದು. A ನಲ್ಲಿ 300 ಹೊರಗೆ ಹೋಗಿವೆ, ಅವು x6 ಮೂಲಕನೇ ಬರಬೇಕು, t ≥ 300. C ನಲ್ಲಿ ಬಂದ 200 x3 ಮೂಲಕನೇ ಹೋಗಬೇಕು, t - s ≥ 200. ಉಳಿದ ಚೌಕ್‌ಗಳನ್ನೂ ನೋಡಿದೆ, ಅವು ಕೇಳೋದು ಈ ಎರಡಕ್ಕಿಂತ ಸಡಿಲ.

ಈಗ ಗ್ರಾಫ್ ಶೀಟ್ ತಗೊಂಡು t ಅಡ್ಡಕ್ಕೆ, s ಉದ್ದಕ್ಕೆ ಹಾಕಿ ಗೆರೆ ಎಳೀರಿ. ಆರು ಮೂಲೆಯ ಒಂದು ಆಕಾರ ಬರುತ್ತೆ, (t, s) ಮೂಲೆಗಳು: (300, 0), (600, 0), (800, 200), (800, 400), (600, 400), (300, 100). ಈ ಆಕಾರದ ಒಳಗಿನ, ಅಂಚಿನ ಪ್ರತಿ ಬಿಂದುವೂ ಒಂದು ನಡೆಯೋ ಟ್ರಾಫಿಕ್, ಹೊರಗಿನ ಯಾವ ಬಿಂದುವೂ ನಡೆಯಲ್ಲ. ಅಸೈನ್‌ಮೆಂಟ್‌ನ ಉತ್ತರ ಈ ಚಿತ್ರ.

ಕೌಂಟರ್ ಇಡೋ ಮೊದಲೇ ಇದರಿಂದ ಎಷ್ಟೋ ಹೇಳಬಹುದು. ಯಾವುದೇ x ನ ಅತಿ ಕಮ್ಮಿ, ಅತಿ ಜಾಸ್ತಿ ಮೂಲೆಗಳಲ್ಲೇ ಸಿಗುತ್ತೆ, ಆರು ಮೂಲೆ ಹಾಕಿ ನೋಡಿದ್ರೆ ಸಾಕು. x1 700 ರಿಂದ 1200, x3 200 ರಿಂದ 600, x5 550 ರಿಂದ 1050. x1 - x6 ಅಂತೂ ಪ್ರತಿ ಉತ್ತರದಲ್ಲೂ 400, ಅದರಲ್ಲಿ ಅನುಮಾನವೇ ಇಲ್ಲ. ಇನ್ನೊಂದು ಪ್ರಶ್ನೆ, ಮಧ್ಯದ ಅಡ್ಡರಸ್ತೆ x7 ಅಗೆದು ಮುಚ್ಚಿದ್ರು ಅಂತ ಇಟ್ಕೊಳ್ಳಿ (ಅಗೆಯದೇ ಇರೋ ವರ್ಷ ಯಾವುದು), ಆಗ s = 0, ಆಕಾರದ ಕೆಳಗಿನ ಅಂಚು ಮಾತ್ರ ಉಳಿಯುತ್ತೆ, t 300 ರಿಂದ 600. ಅಂದ್ರೆ ಇದೇ ಗಾಡಿಗಳನ್ನ ನೆಟ್‌ವರ್ಕ್ ತಡ್ಕೊಳ್ಳುತ್ತೆ, ಆದ್ರೆ x2 ಕನಿಷ್ಠ 600 ಆಗುತ್ತೆ, ಮೊದಲು 500ಕ್ಕೂ ಇಳಿಯಬಹುದಿತ್ತು. x3 ಮುಚ್ಚಿದ್ರೆ? t - s = 0 ಆಗಬೇಕು, ಅದು ಆಕಾರದ ಹೊರಗೆ. C ಗೆ ಬಂದೋರು ಅಲ್ಲೇ ಸಿಕ್ಕಿಹಾಕ್ಕೊಳ್ತಾರೆ, ಆ ಕಡೆಯ ಎಂಟ್ರಿನೂ ಮುಚ್ಚಬೇಕಾಗುತ್ತೆ.

ಹೆಜ್ಜೆ 6: ಇಬ್ಬರು ಎಣಿಸೋರು, ಎಲ್ಲಿ ನಿಲ್ಲಿಸೋದು

ಎರಡು ಫ್ರೀ ಪ್ಯಾರಾಮೀಟರ್, ಹಾಗಾಗಿ ಒಳಗೆ ಎರಡು ಕಡೆ ಎಣಿಸಿದ್ರೆ ಏಳೂ ರೋಡು ಗೊತ್ತಾಗುತ್ತೆ. ಆದ್ರೆ ಯಾವ ಎರಡು ಅನ್ನೋದು ಮುಖ್ಯ. x1 ನಲ್ಲೊಬ್ಬ, x6 ನಲ್ಲೊಬ್ಬ ನಿಂತ್ರೆ ಇಬ್ಬರೂ t ನೇ ಎಣಿಸ್ತಾರೆ, s ಬಗ್ಗೆ ಏನೂ ಗೊತ್ತಾಗಲ್ಲ, ಒಬ್ಬನ ಕೂಲಿ ದಂಡ. ಹೆಜ್ಜೆ 4ರ ಪಟ್ಟಿ ನೋಡಿ, ಮೂರು ಪಂಗಡ ಇವೆ: x1, x5, x6 ಎಲ್ಲ ಬರೀ t ಮೇಲೆ, x2, x3, x4 ಎಲ್ಲ t - s ಮೇಲೆ, x7 ಬರೀ s ಮೇಲೆ. ಎರಡು ಬೇರೆ ಪಂಗಡದಿಂದ ಒಂದೊಂದು ಆರಿಸಿದ್ರೆ ಮುಗೀತು.

ಪಟ್ಟಿ ಇಲ್ಲದೇನೂ ನಕ್ಷೆ ನೋಡಿಯೇ ಇದನ್ನ ಹೇಳಬಹುದು. ಕೌಂಟರ್ ಇಟ್ಟ ರೋಡುಗಳನ್ನ ನಕ್ಷೆಯಿಂದ ಅಳಿಸಿ, ಬಾಣದ ದಿಕ್ಕು ಮರೆತುಬಿಡಿ, ಉಳಿದಿದ್ದರಲ್ಲಿ ಎಲ್ಲಾದ್ರೂ ಸುತ್ತು ಇದ್ರೆ ಆ ಸುತ್ತಿನ ಗಾಡಿ ಇನ್ನೂ ಗೊತ್ತಾಗಲ್ಲ, ಒಂದು ಸುತ್ತೂ ಉಳಿದಿಲ್ಲ ಅಂದ್ರೆ ಎಲ್ಲ ಗೊತ್ತಾಗುತ್ತೆ. x1, x6 ಅಳಿಸಿದ್ರೆ B-C-F-E ಕಿಟಕಿ ಹಾಗೇ ಉಳಿಯುತ್ತೆ. x6, x7 ಅಳಿಸಿದ್ರೆ A-B-C-F-E-D ಅಂತ ಒಂದೇ ಸರಪಳಿ, ಸುತ್ತಿಲ್ಲ. ಐವತ್ತು ರೋಡಿನ ನಕ್ಷೆಗೂ ಇದೇ ಪರೀಕ್ಷೆ.

ಈಗ x6 ನಲ್ಲಿ 520, x7 ನಲ್ಲಿ 180 ಬಂತು ಅಂತ ಇಟ್ಕೊಳ್ಳಿ. (520, 180) ಆಕಾರದ ಒಳಗೇ ಇದೆ, ಸರಿ. x1 = 920, x2 = 640, x3 = 340, x4 = 640, x5 = 770. ಪಟ್ಟಿಯಲ್ಲಿ t, s ಮುಂದೆ ಬರೀ +1, -1, ಇಲ್ಲಾಂದ್ರೆ ಏನೂ ಇಲ್ಲ, ಹಾಗಾಗಿ ಭಾಗಾಕಾರ ಬರಲ್ಲ, ಅರ್ಧ ಗಾಡಿ ಬರಲ್ಲ, ಎಣಿಕೆ ತಪ್ಪು ದೊಡ್ಡದಾಗಿ ಊದಿಕೊಳ್ಳೋದೂ ಇಲ್ಲ. x6 ನೋನು 20 ಗಾಡಿ ಬಿಟ್ಟಿದ್ರೆ x1 ರಲ್ಲೂ 20 ಅಷ್ಟೇ ತಪ್ಪು. x2, x3, x4 ಮಾತ್ರ ಎರಡರ ಮೇಲೂ ನಿಂತಿವೆ, ಅವನದ್ದು 20 ಕಮ್ಮಿ ಇವನದ್ದು 20 ಜಾಸ್ತಿ ಆದ್ರೆ ಅವಕ್ಕೆ 40. x3 ನೇ ನಿಮಗೆ ಮುಖ್ಯವಾದ ರೋಡು ಅಂದ್ರೆ ಕೌಂಟರ್‌ನ ಅಲ್ಲೇ ಇಡಿ, x7 ಬದಲು x3, ಆಗ s ಲೆಕ್ಕದಿಂದ ಬರುತ್ತೆ.

ಮೂರನೇ ಆಳು ಸಿಕ್ಕಿದ್ರೆ ಅವನನ್ನ x1 ನಲ್ಲಿ ನಿಲ್ಲಿಸಿ. ಹೊಸದೇನೂ ಗೊತ್ತಾಗಲ್ಲ, ಆದ್ರೆ x1 - x6 = 400 ಬರ್ಲೇಬೇಕು. 400 ಬದಲು 330 ಬಂದ್ರೆ ಎಲ್ಲೋ 70 ಗಾಡಿ ತಪ್ಪಿದೆ, ಮತ್ತೆ ಅದು A ಚೌಕ್‌ನ ಸುತ್ತಲೇ, ಯಾಕಂದ್ರೆ ಆ ಸಂಬಂಧ A ಈಕ್ವೇಶನ್‌ನಿಂದ ಬಂದಿದ್ದು, ಇನ್ನೆಲ್ಲೂ ಹುಡುಕೋದು ಬೇಡ. ಮೊದಲು ಕೇಳಬೇಕಾದ್ದು A ನಲ್ಲಿ ಒಳಗೆ ಬರೋ 700 ಎಣಿಸಿದೋನನ್ನ, ಅಲ್ಲಿ ಸಿಗ್ನಲ್ ಬಿಟ್ಟ ಕೂಡಲೇ ಬೈಕುಗಳು ಫುಟ್‌ಪಾತ್ ಹತ್ತಿ ಎಡಕ್ಕೆ ಕಟ್ ಹೊಡೀತವೆ, ಕಾರು ಎಣಿಸೋ ಭರದಲ್ಲಿ ಅವು ತಪ್ಪಿಹೋಗ್ತವೆ, ಇಲ್ಲಾ ಎರಡು ಸಲ ಬೀಳ್ತವೆ. 15 ನಿಮಿಷದ ತುಂಡುಗಳಾಗಿ ಎಣಿಸಿದ್ರೆ ಯಾವ ತುಂಡಲ್ಲಿ ವ್ಯತ್ಯಾಸ ಶುರು ಆಯ್ತು ಅಂತಾನೂ ಕಾಣುತ್ತೆ, ಆದ್ರೆ 15 ನಿಮಿಷದ ಲೆಕ್ಕ ತಾನೇ ಪಕ್ಕಾ ಬ್ಯಾಲೆನ್ಸ್ ಆಗಲಿ ಅಂತ ಕಾಯಬೇಡಿ, ಕೆಂಪು ಸಿಗ್ನಲ್‌ನಲ್ಲಿ ನಿಂತ ಕ್ಯೂ ಒಂದು ತುಂಡಲ್ಲಿ ಬಂದು ಮುಂದಿನ ತುಂಡಲ್ಲಿ ಹೋಗುತ್ತೆ. ನಾಲ್ಕು ತುಂಡು ಕೂಡಿದ ಗಂಟೆ ಲೆಕ್ಕದಲ್ಲಿ ಅದು ಸುಮಾರಾಗಿ ಸರಿಹೋಗುತ್ತೆ, ಗಂಟೆ ಶುರುವಲ್ಲಿ ಇದ್ದಷ್ಟೇ ಕ್ಯೂ ಗಂಟೆ ಕೊನೆಗೂ ಇದ್ರೆ.

ಕೌಂಟರ್ ಇಡೋಕೆ ಆಗದೇ ಇದ್ದಾಗ ಆಕಾರದ ಒಳಗಿಂದ ಒಂದು ಬಿಂದು ಆರಿಸೋಕೆ ಬ್ಯಾಲೆನ್ಸ್ ಸಾಕಾಗಲ್ಲ, ಜನ ಯಾವ ದಾರಿ ಹಿಡೀತಾರೆ ಅನ್ನೋ ಊಹೆ ಬೇಕು. 1952ರಲ್ಲಿ ವಾರ್ಡ್ರಾಪ್ ಹೇಳಿದ್ದು ಅಂಥ ಒಂದು ಊಹೆ, ಒಬ್ಬೊಬ್ಬರೂ ತಮಗೆ ಬೇಗ ತಲುಪೋ ದಾರಿ ಹಿಡೀತಾ ಹೋದ್ರೆ ಕೊನೆಗೆ ಜನ ಬಳಸೋ ದಾರಿಗಳೆಲ್ಲ ಒಂದೇ ಸಮಯ ತಗೊಳ್ತವೆ ಅಂತ. ಅದನ್ನ ಹಾಕೋಕೆ ಯಾರು ಎಲ್ಲಿಂದ ಎಲ್ಲಿಗೆ ಅನ್ನೋ ಪಟ್ಟಿ, ಪ್ರತಿ ರೋಡಿಗೆ ಗಾಡಿ ಜಾಸ್ತಿ ಆದ್ರೆ ಎಷ್ಟು ನಿಧಾನ ಆಗುತ್ತೆ ಅನ್ನೋ ಲೆಕ್ಕ ಎರಡೂ ಬೇಕು. ಅಳಿಯನ ಅಸೈನ್‌ಮೆಂಟ್‌ನಲ್ಲಿ ಅದ್ಯಾವುದೂ ಕೊಟ್ಟಿರಲಿಲ್ಲ, ಹಾಗಾಗಿ ಅವನು ಏಳು ಸಾಲಿನ ಪಟ್ಟಿ, ಆರು ಮೂಲೆಯ ಚಿತ್ರ, ಕೌಂಟರ್ ಎಲ್ಲಿ ಇಡಬೇಕು ಅನ್ನೋ ಒಂದು ಸಾಲು ಬರೆದು ಸಬ್ಮಿಟ್ ಮಾಡಿದ.